‘Resume (23).pdf’ ಯಾರದು?

ಅರ್ಜಿ ಹಾಕುವಾಗ ಫೈಲಿಗೆ ಏನು ಹೆಸರಿಟ್ಟರೇನು, ಒಳಗಿರುವ ಸರಕು ಮುಖ್ಯ ಎಂದು ಹೇಳುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಹೇಳುವವರಲ್ಲಿ ಹೆಚ್ಚಿನವರು ಈಗಾಗಲೇ ಕೆಲಸದಲ್ಲಿರುವವರು. ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿದ ಹುಡುಗ ಹುಡುಗಿಯರಿಗೆ ಈ ಮಾತು ಹಿತವಾಗಿಯೂ ಕೇಳುತ್ತದೆ, ಏಕೆಂದರೆ ಬರವಣಿಗೆ ಚೆನ್ನಾಗಿದ್ದರೆ ಸಾಕು ಎಂದು ನಂಬಿಯೇ ನಾವೆಲ್ಲ ಈ ಕೋರ್ಸಿಗೆ ಸೇರಿದ್ದು. ಆದರೆ ಸರಕು ನೋಡಬೇಕಾದರೆ ಮೊದಲು ಚೀಲ ಸಿಗಬೇಕಲ್ಲ? ನಮ್ಮ ಗುಂಪಿನಲ್ಲಿ ಈಗ ಡೆಸ್ಕಿನ ಆ ಕಡೆ ಕುಳಿತು ಅರ್ಜಿಗಳನ್ನು ಇಳಿಸಿಕೊಳ್ಳುವ ಕೆಲಸ ಮಾಡುವವರೂ ಇದ್ದಾರೆ. ಅವರ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ಹೇಗಿರುತ್ತದೆ ಎಂದು ನೋಡಿದರೆ ಈ ವಾದ ಅಲ್ಲೇ ಬಿದ್ದುಹೋಗುತ್ತದೆ.

ಒಂದು ವರದಿಗಾರ ಹುದ್ದೆಗೆ ಅರವತ್ತು ಇಮೇಲ್ ಬಂದಿವೆ ಎಂದುಕೊಳ್ಳಿ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ತಮ್ಮ ಫೈಲಿಗೆ Resume.pdf ಎಂದೇ ಹೆಸರಿಟ್ಟಿರುತ್ತಾರೆ. ಬ್ರೌಸರ್ ಮೊದಲನೆಯದನ್ನು ಹಾಗೆಯೇ ಇಳಿಸುತ್ತದೆ. ಎರಡನೆಯದು Resume (1).pdf ಆಗುತ್ತದೆ, ಮೂರನೆಯದು Resume (2).pdf. ಹೀಗೆ ಸಾಗಿ Resume (23).pdf ತನಕ ಹೋಗುತ್ತದೆ. ಒಮ್ಮೆ ಇಳಿಸಿಕೊಂಡ ಮೇಲೆ ಫೈಲಿಗೂ ಅದು ಬಂದ ಇಮೇಲಿಗೂ ಸಂಬಂಧ ಕಡಿದುಹೋಯಿತು. ಸಂಪಾದಕರು ಸಂಜೆ ಬಂದು ‘ಬೆಳಿಗ್ಗೆ ನೋಡಿದೆವಲ್ಲ, ನೀರಾವರಿ ಬಗ್ಗೆ ಬರೆದ ಹುಡುಗಿ, ಅವಳ ನಂಬರ್ ಕೊಡಿ’ ಎಂದರೆ ಇಪ್ಪತ್ತನಾಲ್ಕನ್ನೂ ಒಂದೊಂದಾಗಿ ತೆರೆಯಬೇಕು. ಏಳೆಂಟು ತೆರೆಯುವಷ್ಟರಲ್ಲಿ ಪುಟ ಬಿಡುವ ಹೊತ್ತಾಗಿರುತ್ತದೆ. ಆಗ ಯಾರ ಹೆಸರು ಫೋಲ್ಡರಿನಲ್ಲಿ ಬರಿಗಣ್ಣಿಗೆ ಕಾಣುತ್ತದೋ ಅವರಿಗೆ ಫೋನ್ ಹೋಗುತ್ತದೆ. ಇದರಲ್ಲಿ ಪಕ್ಷಪಾತವೇನೂ ಇಲ್ಲ, ಸುಸ್ತು ಇದೆ ಅಷ್ಟೇ. ಆದರೆ ಪರಿಣಾಮ ಎರಡಕ್ಕೂ ಒಂದೇ.

ನಮ್ಮ ತಕರಾರು ಇರುವುದು ಇಲ್ಲಿ. ಫೈಲಿನ ಹೆಸರನ್ನು ನಾವು ನಮ್ಮ ಅನುಕೂಲಕ್ಕೆ ಇಟ್ಟುಕೊಳ್ಳುತ್ತೇವೆ. ನಮ್ಮ ಕಂಪ್ಯೂಟರಿನಲ್ಲಿ ಇರುವುದು ನಮ್ಮ ಒಬ್ಬರದೇ ರೆಸ್ಯೂಮ್, ಹಾಗಾಗಿ Resume ಎಂದರೆ ಸಾಕು. ಹೊಸದಾಗಿ ತಿದ್ದಿದರೆ new resume, ಮತ್ತೆ ತಿದ್ದಿದರೆ new resume final. ಪಡೆಯುವವರ ಫೋಲ್ಡರಿನಲ್ಲಿ ಈ ಮೂರೂ ಶಬ್ದಗಳಿಗೆ ಯಾವ ಅರ್ಥವೂ ಇಲ್ಲ. ಅಲ್ಲಿ ಎಲ್ಲವೂ ರೆಸ್ಯೂಮೇ, ಎಲ್ಲವೂ ಹೊಸದೇ. ಮನೆಯಲ್ಲಿ ಒಂದೇ ಎಮ್ಮೆ ಇದ್ದರೆ ‘ಎಮ್ಮೆ’ ಎಂದು ಕರೆದರೆ ನಡೆಯುತ್ತದೆ, ಜಾತ್ರೆಗೆ ಹೊಡೆದುಕೊಂಡು ಹೋದಾಗ ಗುರುತು ಬೇಕು.

ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ಚುರುಕಾಗಿರುವ ನಗರದ ಸಂಸ್ಥೆಗಳಲ್ಲಿ ಇದನ್ನು ಹೇಳಿಕೊಡುತ್ತಾರೆ. ನಮ್ಮವರಿಗೆ ಹೇಳಿಕೊಡುವವರು ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯವರು. ಅವರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಆಧಾರ್ ಅರ್ಜಿ, ಪಹಣಿ, ಮದುವೆ ಪತ್ರಿಕೆ, ಸೆಮಿನಾರ್ ಪೇಪರ್ ಎಲ್ಲವನ್ನೂ ಒಬ್ಬರೇ ನಿಭಾಯಿಸುತ್ತಾರೆ. ಆದರೆ ಅಲ್ಲಿ ರೆಸ್ಯೂಮ್ ತಯಾರಾಗುವ ಕ್ರಮ ನೋಡಿ. ಹಿಂದೆ ಯಾರಿಗೋ ಮಾಡಿಕೊಟ್ಟ ಫೈಲನ್ನು ತೆರೆಯುತ್ತಾರೆ, ಹೆಸರು ವಿಳಾಸ ಬದಲಿಸುತ್ತಾರೆ, ಪ್ರಿಂಟ್ ಕೊಡುತ್ತಾರೆ, ಕೇಳಿದರೆ ಪಿಡಿಎಫ್ ಮಾಡಿ ವಾಟ್ಸ್‌ಆ್ಯಪಿಗೆ ಹಾಕುತ್ತಾರೆ. ನಾವು ಬಸ್ಸಿನಲ್ಲಿ ಕುಳಿತು ಅದನ್ನೇ ಇಮೇಲಿಗೆ ಲಗತ್ತಿಸಿ ಕಳಿಸುತ್ತೇವೆ. ಈ ಸಣ್ಣ ಪ್ರಯಾಣದಲ್ಲಿ ಎರಡು ಅವಘಡ ನಡೆದಿರುತ್ತವೆ, ಎರಡೂ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮೊದಲನೆಯದು ವಾಟ್ಸ್‌ಆ್ಯಪಿನದು. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಬಂದ ದಾಖಲೆ ಎಷ್ಟೋ ಸಲ ತನ್ನ ಮೂಲ ಹೆಸರು ಕಳೆದುಕೊಂಡು DOC-20240612-WA0007.pdf ಎಂಬಂಥ ರೂಪದಲ್ಲಿ ಉಳಿಯುತ್ತದೆ. ನಡುವಿನ ಎಂಟು ಅಂಕಿ ದಿನಾಂಕ, ಕೊನೆಯದು ಆ ದಿನ ಬಂದ ಫೈಲಿನ ಕ್ರಮಸಂಖ್ಯೆ. ಡಿಟಿಪಿಯವರು ಎಷ್ಟೇ ಒಳ್ಳೆಯ ಹೆಸರಿಟ್ಟಿದ್ದರೂ ಸಂಪಾದಕರಿಗೆ ತಲುಪುವುದು ಈ ನಂಬರ್ ಪ್ಲೇಟ್. ಪರಿಹಾರ ಸುಲಭ. ಅಂಗಡಿಯಿಂದಲೇ ನಿಮ್ಮ ಇಮೇಲ್ ವಿಳಾಸಕ್ಕೆ ಕಳಿಸಿಕೊಳ್ಳಿ. ಅದಾಗದಿದ್ದರೆ ಫೋನಿನ ಫೈಲ್ಸ್ ಆ್ಯಪಿನಲ್ಲಿ ಅದನ್ನು ಹುಡುಕಿ, Rename ಒತ್ತಿ ಹೆಸರು ಬದಲಿಸಿ, ಆಮೇಲೆ ಲಗತ್ತಿಸಿ. ಲಗತ್ತಿಸಿದ ಮೇಲೆ ಇಮೇಲಿನ ಕೆಳಗೆ ಕಾಣುವ ಹೆಸರೇ ಆ ಕಡೆಗೂ ಹೋಗುವ ಹೆಸರು, ಅದನ್ನು ಓದದೆ ಕಳಿಸುವ ಗುಂಡಿ ಒತ್ತಬೇಡಿ.

ಎರಡನೆಯದು ಇನ್ನೂ ಮುಜುಗರದ್ದು. ವರ್ಡ್ ಫೈಲಿಗೆ ಹೊರಗಿನ ಹೆಸರಿನ ಜತೆಗೆ ಒಳಗಡೆ ಒಂದು ಶೀರ್ಷಿಕೆ ಇರುತ್ತದೆ. File ಒತ್ತಿ Info ಗೆ ಹೋದರೆ ಬಲಗಡೆ Title, Author ಎಂದು ಕಾಣುತ್ತದೆ. ಹಳೆಯ ಫೈಲಿನಲ್ಲಿ ಆ ಜಾಗದಲ್ಲಿ ಹಿಂದಿನ ಅಭ್ಯರ್ಥಿಯ ಹೆಸರಿದ್ದರೆ, ಪಿಡಿಎಫ್ ಮಾಡಿದಾಗ ಅದೂ ಜತೆಗೇ ಹೋಗುತ್ತದೆ. ಸಂಪಾದಕರು ಕ್ರೋಮ್ ಬ್ರೌಸರಿನಲ್ಲಿ ಫೈಲ್ ತೆರೆದಾಗ ಪುಟದಲ್ಲಿ ನಿಮ್ಮ ಹೆಸರು, ಮೇಲಿನ ಟ್ಯಾಬಿನಲ್ಲಿ ಮೂರು ವರ್ಷ ಹಿಂದೆ ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸಕ್ಕೆ ಅರ್ಜಿ ಹಾಕಿದ್ದ ಇನ್ನಾರದೋ ಹೆಸರು! ರೆಸ್ಯೂಮನ್ನೇ ನಕಲು ಹೊಡೆದವನು ವರದಿ ನಕಲು ಹೊಡೆಯುವುದಿಲ್ಲವೇ ಎಂದು ಯಾರಾದರೂ ಅಂದುಕೊಂಡರೆ ಅವರನ್ನು ದೂರುವುದು ಹೇಗೆ? ಕಳಿಸುವ ಮೊದಲು ನಿಮ್ಮ ಪಿಡಿಎಫನ್ನು ಒಮ್ಮೆ ಕ್ರೋಮಿನಲ್ಲಿ ತೆರೆದು ಟ್ಯಾಬ್ ನೋಡಿ. ಬೇರೆ ಏನಾದರೂ ಕಂಡರೆ ವರ್ಡಿನ Title ಜಾಗದಲ್ಲಿ ನಿಮ್ಮ ಹೆಸರು ಟೈಪಿಸಿ ಮತ್ತೆ ಪಿಡಿಎಫ್ ಮಾಡಿಸಿ.

ಹಾಗಾದರೆ ಹೆಸರು ಹೇಗಿರಬೇಕು? ಉದಾಹರಣೆಗೆ ಕೆ.ಆರ್. ಮಂಜುಳಾ ಎಂಬ ಹೆಸರನ್ನೇ ಇಟ್ಟುಕೊಳ್ಳೋಣ. ಡಿಟಿಪಿಯಲ್ಲಿ ಸಿಕ್ಕಿದ್ದು K.R.MANJULA NEW BIODATA.docx. ನಾವು ಸೂಚಿಸುವುದು Manjula_KR_Reporter_Resume.pdf. ವ್ಯತ್ಯಾಸ ಸಣ್ಣದಾಗಿ ಕಂಡರೂ ಒಂದೊಂದಕ್ಕೂ ಕಾರಣವಿದೆ. ಇನಿಷಿಯಲ್ ಮೊದಲು ಬಂದರೆ ಅಕ್ಷರಕ್ರಮದಲ್ಲಿ ಎಲ್ಲ ‘ಕೆ’ ಇನಿಷಿಯಲಿನವರೂ ಒಂದೇ ಕಡೆ ಗುಡ್ಡೆ ಬೀಳುತ್ತಾರೆ. ಫೋನಿನಲ್ಲಿ ಯಾರೂ ‘ಕೆ.ಆರ್. ಇದ್ದಾರಾ’ ಎಂದು ಕೇಳುವುದಿಲ್ಲ, ಮಂಜುಳಾ ಎಂದೇ ಕೇಳುತ್ತಾರೆ. ಇನಿಷಿಯಲ್ಲಿನ ಚುಕ್ಕೆ ಬೇಡ, ಏಕೆಂದರೆ ಫೈಲಿನ ಹೆಸರಿನಲ್ಲಿ ಕೊನೆಯ ಚುಕ್ಕೆಯ ನಂತರದ್ದು ಅದು ಯಾವ ಬಗೆಯ ಫೈಲ್ ಎಂದು ಹೇಳುವ ಜಾಗ, ಅಲ್ಲಿ ಚುಕ್ಕೆ ಹೆಚ್ಚಾದಷ್ಟೂ ಗೊಂದಲ. ಹುದ್ದೆಯ ಹೆಸರು ಬೇಕು, ಏಕೆಂದರೆ ಅದೇ ಕಚೇರಿ ಅದೇ ವಾರ ಉಪಸಂಪಾದಕರನ್ನೂ ಹುಡುಕುತ್ತಿರಬಹುದು. ಜಾಹೀರಾತಿನಲ್ಲಿ ಹುದ್ದೆಗೆ ಸಂಕೇತ ಸಂಖ್ಯೆ ಕೊಟ್ಟಿದ್ದರೆ ಹುದ್ದೆಯ ಜಾಗದಲ್ಲಿ ಅದನ್ನು ಹಾಕಿ. ವರ್ಷ, final, updated ಯಾವುದೂ ಬೇಡ. ಹೆಸರಿನ ಕಾಗುಣಿತ ಅಂಕಪಟ್ಟಿಯಲ್ಲಿ, ಇಮೇಲಿನಲ್ಲಿ, ಫೈಲಿನಲ್ಲಿ ಒಂದೇ ಆಗಿರಲಿ. ಒಂದು ಕಡೆ Manjula, ಇನ್ನೊಂದು ಕಡೆ Manjulaa ಎಂದಿದ್ದರೆ ಹುಡುಕುವವರಿಗೆ ನೀವು ಇಬ್ಬರು.

ಕನ್ನಡ ಪತ್ರಿಕೆಗೆ ಅರ್ಜಿ, ಫೈಲಿನ ಹೆಸರು ಕನ್ನಡ ಲಿಪಿಯಲ್ಲೇ ಯಾಕಿರಬಾರದು ಎಂದು ನಮ್ಮೊಳಗೇ ಜಗಳ ನಡೆದಿದೆ. ಇರಬಾರದು ಎಂದು ಯಾರೂ ಹೇಳಿಲ್ಲ. ಜಿಮೇಲಿನಿಂದ ಜಿಮೇಲಿಗೆ ಚೆನ್ನಾಗಿಯೇ ಹೋಗುತ್ತದೆ. ಆದರೆ ಇಮೇಲಿನೊಳಗೆ ಕನ್ನಡ ಲಿಪಿಯ ಹೆಸರು ಸಂಕೇತಗಳಾಗಿ ಬದಲಾಗಿ ಪ್ರಯಾಣ ಮಾಡುತ್ತದೆ. ಆ ಕಡೆಯ ಹಳೆಯ ಮೇಲ್ ತಂತ್ರಾಂಶ ಅದನ್ನು ಬಿಡಿಸಲಾರದೆ ಹೋದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲೋ ಅಡಿಗೆರೆಗಳ ಸಾಲೋ ಕಾಣುತ್ತದೆ. ಮಾನವ ಸಂಪನ್ಮೂಲ ವಿಭಾಗದವರ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಇಲ್ಲದಿದ್ದರೆ ಹುಡುಕುವುದೂ ಆಗದು. ಭಾಷಾಭಿಮಾನವನ್ನು ರೆಸ್ಯೂಮಿನ ಒಳಗೆ, ಜತೆಗಿರುವ ಬರಹದಲ್ಲಿ ತೋರಿಸೋಣ. ಹೊರಗಿನ ಚೀಟಿ ಪೋಸ್ಟ್‌ಮ್ಯಾನ್‌ಗೆ ಓದಲು ಬರಲಿ.

ಇನ್ನು ಪಿಡಿಎಫೋ ವರ್ಡೋ ಎಂಬ ದೊಡ್ಡ ಜಗಳ. ಕನ್ನಡದವರಿಗೆ ಇದರಲ್ಲಿ ಇಂಗ್ಲಿಷಿನವರಿಗೆ ಇಲ್ಲದ ಒಂದು ತೊಡಕು ಇದೆ. ಅಂತರ್ಜಾಲದಲ್ಲಿ ಸಿಗುವ ಇಂಗ್ಲಿಷ್ ಸಲಹೆಗಳು ಅದರ ಹತ್ತಿರವೂ ಸುಳಿಯುವುದಿಲ್ಲ.

ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಬಹುಪಾಲು ಟೈಪಿಂಗ್ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ನಡೆಯುತ್ತದೆ. ಅವು ಯುನಿಕೋಡ್ ಅಲ್ಲ. ಆ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಸಿಕೊಳ್ಳುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳನ್ನು. ಅವುಗಳ ಮೇಲೆ ಕನ್ನಡದ ಆಕಾರದ ಮುಖವಾಡ ಹಾಕುವುದು ಫಾಂಟಿನ ಕೆಲಸ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮುಖವಾಡ ಕಳಚುತ್ತದೆ. ‘ಕನ್ನಡ’ ಎಂದು ಟೈಪಿಸಿದ್ದು PÀ£ÀßqÀ ಎಂದು ಕಾಣುತ್ತದೆ. ನುಡಿಯಲ್ಲಿ ಮಾಡಿದ ರೆಸ್ಯೂಮನ್ನು ವರ್ಡ್ ರೂಪದಲ್ಲೇ ಕಳಿಸಿದರೆ, ಬೆಂಗಳೂರಿನಲ್ಲಿ ಮೆಟ್ರೋದಲ್ಲಿ ನಿಂತು ಫೋನಿನಲ್ಲಿ ಅದನ್ನು ತೆರೆಯುವ ಸಂಪಾದಕರಿಗೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕಾಣುವುದು ಇಂಥದ್ದೇ. ನಿಮ್ಮ ಫೋನಿನಲ್ಲೂ ಹಾಗೆಯೇ ಕಾಣುತ್ತಿತ್ತು, ಆದರೆ ನೀವು ನೋಡಿದ್ದು ಅಂಗಡಿಯ ಪರದೆಯಲ್ಲಿ ಮತ್ತು ಪ್ರಿಂಟಿನಲ್ಲಿ.

ಪಿಡಿಎಫ್ ಇಲ್ಲಿ ಕಾಪಾಡುತ್ತದೆ. ವರ್ಡಿನ Save As ನಲ್ಲಿ PDF ಆರಿಸಿದಾಗ ಸಾಮಾನ್ಯವಾಗಿ ಬಳಸಿದ ಅಕ್ಷರಗಳ ಆಕಾರಗಳೂ ಫೈಲಿನೊಳಗೆ ಸೇರಿಕೊಳ್ಳುತ್ತವೆ. ಸೇರಿದೆಯೇ ಎಂದು ತಿಳಿಯಲು ಅಡೋಬಿ ರೀಡರಿನಲ್ಲಿ ಫೈಲಿನ Properties ತೆರೆದು Fonts ನೋಡಿ. ಫಾಂಟಿನ ಹೆಸರಿನ ಪಕ್ಕ Embedded Subset ಎಂದಿದ್ದರೆ ಚಿಂತೆಯಿಲ್ಲ, ಯಾವ ಫೋನಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಪುಟದ ಅಳತೆಯೂ ಹಾಗೆಯೇ ಉಳಿಯುತ್ತದೆ. ವರ್ಡ್ ಫೈಲಿನಲ್ಲಿ ಒಂದೇ ಪುಟಕ್ಕೆ ಕೂರಿಸಿದ್ದು ಬೇರೆ ಕಂಪ್ಯೂಟರಿನಲ್ಲಿ, ಬೇರೆ ಫಾಂಟಿನಲ್ಲಿ ತೆರೆದಾಗ ಉಕ್ಕಿ, ‘ಸ್ಥಳ: ದಿನಾಂಕ: ಸಹಿ’ ಎಂಬ ಮೂರು ಶಬ್ದ ಮಾತ್ರ ಎರಡನೇ ಪುಟಕ್ಕೆ ಹೋಗಿ ಕೂರುವುದನ್ನು ನಾವು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ.

ಆದರೆ ‘ಪಿಡಿಎಫ್ ಮಾಡಿದರೆ ಎಲ್ಲ ಸರಿ’ ಎನ್ನುವವರನ್ನೂ ನಾವು ಒಪ್ಪುವುದಿಲ್ಲ. ಮುಖವಾಡ ಭದ್ರವಾಯಿತೇ ಹೊರತು ಮುಖ ಬದಲಾಗಲಿಲ್ಲ. ನುಡಿಯಿಂದ ಮಾಡಿದ ಪಿಡಿಎಫಿನಲ್ಲಿ ಒಂದು ಸಾಲನ್ನು ಆರಿಸಿ, ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಮತ್ತೆ ಅದೇ PÀ£ÀßqÀ. ಅಂದರೆ ಕಚೇರಿಯವರು ತಮ್ಮ ಫೋಲ್ಡರಿನಲ್ಲಿ ‘ಮಂಜುಳಾ’ ಎಂದೋ ‘ಕೊಪ್ಪಳ’ ಎಂದೋ ಹುಡುಕಿದರೆ ಈ ಫೈಲ್ ಸಿಗುವುದಿಲ್ಲ. ಯುನಿಕೋಡಿನಲ್ಲಿ ಟೈಪಿಸಿದರೆ ಪರಿಸ್ಥಿತಿ ಎಷ್ಟೋ ವಾಸಿ, ಆದರೂ ಪಿಡಿಎಫಿನಿಂದ ಹೊರತೆಗೆಯುವಾಗ ಒತ್ತಕ್ಷರಗಳು, ಗುಣಿತಗಳು ಹಿಂದುಮುಂದಾಗುವುದುಂಟು. ಹಾಗಾಗಿ ರೆಸ್ಯೂಮ್ ಕನ್ನಡದಲ್ಲೇ ಇರಲಿ, ಆದರೆ ಹೆಸರು, ಫೋನ್ ಸಂಖ್ಯೆ, ಇಮೇಲ್ ವಿಳಾಸ, ಹುದ್ದೆ ಈ ನಾಲ್ಕನ್ನು ಮೇಲ್ಗಡೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲೂ ಒಮ್ಮೆ ಬರೆಯಿರಿ. ಸಾಮಾನ್ಯ ಇಂಗ್ಲಿಷ್ ಫಾಂಟಿನಲ್ಲಿ ಬರೆದಿದ್ದು ಹುಡುಕಾಟಕ್ಕೆ ಸಿಗುತ್ತದೆ. ಪ್ರಿಂಟ್ ತೆಗೆದು ಫೋನಿನಲ್ಲಿ ಫೋಟೋ ಹೊಡೆದು ಅದನ್ನು ಪಿಡಿಎಫ್ ಮಾಡುವವರೂ ಇದ್ದಾರೆ. ಅದು ಬರಿಯ ಚಿತ್ರ, ಒಂದಕ್ಷರವನ್ನೂ ಆರಿಸಲು ಬರುವುದಿಲ್ಲ. ಅಂಕಪಟ್ಟಿಗೆ ಆದೀತು, ರೆಸ್ಯೂಮಿಗೆ ಬೇಡ.

ಇನ್ನೊಂದು ಕೈಚಳಕದ ಬಗ್ಗೆ ಹೇಳಿಬಿಡುತ್ತೇವೆ. ವರ್ಡ್ ಫೈಲಿನ ಹೆಸರಿನ ಕೊನೆಗೆ .pdf ಎಂದು ಟೈಪಿಸಿದರೆ ಅದು ಪಿಡಿಎಫ್ ಆಗುವುದಿಲ್ಲ. ವಿಂಡೋಸ್ ಸಾಮಾನ್ಯವಾಗಿ ಫೈಲಿನ ಬಗೆಯನ್ನು ಬಚ್ಚಿಟ್ಟುಕೊಂಡಿರುತ್ತದೆ, ಹಾಗಾಗಿ ನಿಮಗೆ Manjula.pdf ಎಂದು ಕಂಡರೂ ನಿಜದಲ್ಲಿ ಅದು Manjula.pdf.docx ಆಗಿರಬಹುದು. ಫೋನಿನಲ್ಲಿ ಕೊನೆಯ docx ಅಳಿಸಿ pdf ಎಂದು ಬದಲಿಸಿದರೆ ಇನ್ನೂ ಕೆಟ್ಟದ್ದು, ಆ ಕಡೆ ಫೈಲ್ ತೆರೆಯುವುದೇ ಇಲ್ಲ. ಗೂಗಲ್ ಡಾಕ್ಸಿನಲ್ಲಿ ಮಾಡುವವರು File, Download, PDF Document ಎಂದು ಹೋಗಿ ಇಳಿಸಿಕೊಳ್ಳಬೇಕು. ಎಡಗಡೆ ಮೇಲೆ ದಾಖಲೆಗೆ ಹೆಸರಿಡದಿದ್ದರೆ ಇಳಿಯುವುದು Untitled document.pdf. ಲಿಂಕ್ ಮಾತ್ರ ಕಳಿಸಿದರೆ ಸಂಪಾದಕರು ನಿಮ್ಮ ಬಳಿ ಅನುಮತಿ ಬೇಡಿ ಕಾಯಬೇಕಾಗುತ್ತದೆ. ಕಾಯುವುದಿಲ್ಲ.

ಹಾಗಾದರೆ ತಿದ್ದಲು ಬರುವ ವರ್ಡ್ ಫೈಲಿಗೆ ಜಾಗವೇ ಇಲ್ಲವೇ? ಇದೆ, ನಮ್ಮ ವೃತ್ತಿಯಲ್ಲಂತೂ ಖಂಡಿತ ಇದೆ. ರೆಸ್ಯೂಮ್ ಓದಲು ಕೊಡುವ ಕಾಗದ, ಅದನ್ನು ಬೇರೆಯವರು ತಿದ್ದುವ ಅಗತ್ಯವಿಲ್ಲ. ಆದರೆ ಜತೆಗೆ ಕೇಳುವ ಮಾದರಿ ವರದಿ, ಅನುವಾದ ಪರೀಕ್ಷೆಯ ಉತ್ತರ ತಿದ್ದಲೆಂದೇ ಇರುವ ಬರಹ. ಉಪಸಂಪಾದಕರು ಅದಕ್ಕೆ ಕೈ ಹಾಕಿ, ಕತ್ತರಿಸಿ, ಎಷ್ಟು ಪದವಿದೆ ಎಂದು ಎಣಿಸಿ ನೋಡಬೇಕು. ಅದನ್ನು ಪಿಡಿಎಫ್ ಮಾಡಿ ಕಳಿಸುವುದು ಅಡುಗೆಯವರಿಗೆ ತರಕಾರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟ ಹಾಗೆ. ಮಾದರಿ ಬರಹ ಯುನಿಕೋಡಿನಲ್ಲಿ ಟೈಪಿಸಿದ ವರ್ಡ್ ಫೈಲಾಗಿರಲಿ, Manjula_KR_Reporter_Sample1.docx ಎಂಬ ಹೆಸರಿರಲಿ. ಪ್ರಕಟವಾದ ವರದಿಯಾದರೆ ಪುಟದ ಪಿಡಿಎಫನ್ನೂ ಜತೆಗಿಡಿ. ಮಂಜುಳಾಳ ಇಮೇಲಿನಲ್ಲಿ ಹೀಗೆ ಎರಡು ಬಗೆಯ ಲಗತ್ತು ಇರುತ್ತವೆ, ಹೆಸರು ಒಂದೇ ರೀತಿ ಶುರುವಾಗುವುದರಿಂದ ಫೋಲ್ಡರಿನಲ್ಲಿ ಅಕ್ಕಪಕ್ಕ ಕೂರುತ್ತವೆ. ವರ್ಡ್ ಫೈಲ್ ಕಳಿಸುವ ಮುನ್ನ ಅದರಲ್ಲಿ ಯಾರಾದರೂ ಬರೆದ ಟಿಪ್ಪಣಿ, ಗುರುತು ಹಾಕಿದ ತಿದ್ದುಪಡಿ ಉಳಿದಿದೆಯೇ ನೋಡಿಕೊಳ್ಳಿ. Info ಪುಟದ Inspect Document ಅದನ್ನೇ ಹುಡುಕಿ ಕೊಡುತ್ತದೆ. ‘ಈ ಪ್ಯಾರಾ ಸರ್ ಬರೆದುಕೊಟ್ಟಿದ್ದು’ ಎಂಬ ಟಿಪ್ಪಣಿ ಸಂಪಾದಕರಿಗೆ ತಲುಪುವುದು ಬೇಡ.

‘ರೆಸ್ಯೂಮನ್ನೂ ವರ್ಡಿನಲ್ಲೇ ಕಳಿಸಿ, ಪಿಡಿಎಫ್ ಸ್ವೀಕರಿಸುವುದಿಲ್ಲ’ ಎನ್ನುವ ಇನ್ನೊಂದು ವರ್ಗವಿದೆ. ಹೆಚ್ಚಾಗಿ ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯವರು. ಅವರಿಗೆ ಅದು ಯಾಕೆ ಬೇಕು ಎಂಬುದು ಗುಟ್ಟೇನಲ್ಲ. ನಿಮ್ಮ ಫೋನ್ ನಂಬರ್, ಇಮೇಲ್ ತೆಗೆದು ತಮ್ಮ ಲೆಟರ್‌ಹೆಡ್ ಹಾಕಿ ಕಂಪನಿಗೆ ಕಳಿಸುತ್ತಾರೆ, ಕಂಪನಿ ನಿಮ್ಮನ್ನು ನೇರವಾಗಿ ಸಂಪರ್ಕಿಸಿದರೆ ಅವರ ಕಮಿಷನ್ ಹೋಗುತ್ತದೆ. ಇಷ್ಟರವರೆಗೆ ವ್ಯವಹಾರ, ತಪ್ಪೆನ್ನಲಾಗದು. ಆದರೆ ನಂಬರ್ ತೆಗೆಯಲು ಬರುವ ಫೈಲಿನಲ್ಲಿ ‘ಆರು ತಿಂಗಳ ಇಂಟರ್ನ್‌ಶಿಪ್’ ಎಂಬುದನ್ನು ‘ಎರಡು ವರ್ಷದ ಅನುಭವ’ ಮಾಡಲೂ ಬರುತ್ತದೆ. ಸಂದರ್ಶನದಲ್ಲಿ ಕುಳಿತು ಉತ್ತರ ಕೊಡಬೇಕಾದವರು ನೀವು. ಆದ್ದರಿಂದ ಅವರಿಗೆ ವರ್ಡ್ ಕೊಡಲೇಬೇಕಾದರೆ ಅದೇ ಇಮೇಲಿನಲ್ಲಿ ಪಿಡಿಎಫನ್ನೂ ಲಗತ್ತಿಸಿ, ‘ಎರಡರಲ್ಲೂ ಇರುವುದು ಒಂದೇ, ಬದಲಾವಣೆ ಮಾಡಿದರೆ ಕಳಿಸುವ ಮೊದಲು ನನಗೆ ತೋರಿಸಿ’ ಎಂದು ಒಂದು ಸಾಲು ಬರೆಯಿರಿ. ಬರೆದ ಮಾತ್ರಕ್ಕೆ ಅವರು ನಿಲ್ಲಿಸುತ್ತಾರೆಂದಲ್ಲ. ನೀವು ಏನು ಕಳಿಸಿದ್ದಿರಿ ಎಂಬುದಕ್ಕೆ ದಿನಾಂಕ ಸಮೇತ ಸಾಕ್ಷಿ ನಿಮ್ಮ ಸೆಂಟ್ ಫೋಲ್ಡರಿನಲ್ಲಿ ಉಳಿಯುತ್ತದೆ.

ಕೆಲವು ದೊಡ್ಡ ಕಂಪನಿಗಳ ಪೋರ್ಟಲ್‌ಗಳು ರೆಸ್ಯೂಮನ್ನು ಯಂತ್ರದಿಂದ ಓದಿಸುತ್ತವೆ, ಅಲ್ಲಿ ವರ್ಡೇ ಕೇಳಿದರೆ ಚರ್ಚೆ ಬೇಡ, ಕೊಡಿ. ಜಾಹೀರಾತಿನಲ್ಲಿ ಸ್ಪಷ್ಟವಾಗಿ ಬರೆದದ್ದೇ ಅಂತಿಮ, ನಮ್ಮ ಈ ಇಡೀ ಬರಹಕ್ಕಿಂತ ಅದು ಮೇಲು.

ತೊಂದರೆ ಎಂದರೆ ಬರೆಯುವುದೇ ಇಲ್ಲ. ನಮ್ಮ ಕೊನೆಯ ಜಗಳ ಅರ್ಜಿ ಕರೆಯುವವರ ಜತೆ. ಕನ್ನಡದ ಪತ್ರಿಕೆ, ಚಾನೆಲ್, ವೆಬ್‌ಸೈಟುಗಳ ಪ್ರಕಟಣೆಗಳನ್ನು ತೆಗೆದು ನೋಡಿ. ‘ಆಸಕ್ತರು ರೆಸ್ಯೂಮ್ ಮೇಲ್ ಮಾಡಿ’ ಎಂಬಲ್ಲಿಗೆ ಮುಗಿಯುತ್ತದೆ. ಯಾವ ರೂಪದಲ್ಲಿ, ಯಾವ ಹೆಸರಿನಲ್ಲಿ, ಮಾದರಿ ಬರಹ ಯುನಿಕೋಡಿನಲ್ಲಿ ಬೇಕೋ ನುಡಿಯಲ್ಲಿ ಬೇಕೋ ಎಂಬ ಒಂದು ಮಾತೂ ಇರುವುದಿಲ್ಲ. ಹೇಳದೆ ಇದ್ದದ್ದನ್ನು ಊಹಿಸಿಕೊಂಡವರು ಬುದ್ಧಿವಂತರು, ಊಹಿಸದವರು ‘ಬೇಸಿಕ್ ಸೆನ್ಸ್ ಇಲ್ಲದ ಹಳ್ಳಿ ಹುಡುಗರು’. ಆಮೇಲೆ ಅದೇ ಜನ ಫೇಸ್‌ಬುಕ್ಕಿನಲ್ಲಿ Resume (23).pdf ನ ಸ್ಕ್ರೀನ್‌ಶಾಟ್ ಹಾಕಿ ನಗುತ್ತಾರೆ. ನಗುವ ಮೊದಲು ಪ್ರಕಟಣೆಯ ಕೊನೆಗೆ ಇಷ್ಟನ್ನು ಸೇರಿಸಿ ಸ್ವಾಮಿ, ಐದು ನಿಮಿಷದ ಕೆಲಸ: ‘ರೆಸ್ಯೂಮ್ ಪಿಡಿಎಫ್ ರೂಪದಲ್ಲಿ, ಮಾದರಿ ವರದಿ ಯುನಿಕೋಡ್ ವರ್ಡ್ ರೂಪದಲ್ಲಿ ಇರಲಿ. ಫೈಲಿಗೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಡಿ.’ ಎರಡೇ ವಾಕ್ಯ. ನಿಮ್ಮ ಫೋಲ್ಡರೂ ಚೊಕ್ಕಟವಾಗುತ್ತದೆ, ಕೊಪ್ಪಳದಿಂದ ಬರುವ ಅರ್ಜಿಯೂ ಬೆಂಗಳೂರಿನ ಅರ್ಜಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.